ಸಮಾನ ಅಂಕ, ಬೇರೆ ಬೇರೆ ಸ್ಥಾನ: ಟೈ ಬ್ರೇಕರ್ ಬಗೆಗಿನ ಒಂದು ಭಾಷಣದ ಹಿನ್ನೆಲೆ

ರಸಪ್ರಶ್ನೆ ಸ್ಪರ್ಧೆಯ ನಿಗದಿತ ಸುತ್ತುಗಳೆಲ್ಲ ಮುಗಿದಾಗ ಎರಡು ಅಥವಾ ಅದಕ್ಕಿಂತ ಹೆಚ್ಚು ತಂಡಗಳ ಒಟ್ಟು ಅಂಕ ಒಂದೇ ಆಗಿದ್ದರೆ ಆ ಸ್ಥಿತಿಯನ್ನು ‘ಟೈ’ ಎಂದೂ, ಆ ತಂಡಗಳಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂದು ತೀರ್ಮಾನಿಸಲು ನಡೆಸುವ ಹೆಚ್ಚುವರಿ ಸುತ್ತನ್ನು ‘ಟೈ ಬ್ರೇಕರ್’ ಎಂದೂ ಕರೆಯುವುದು ರೂಢಿಯಲ್ಲಿದೆ. ಈ ಸುತ್ತಿನ ಅಧಿಕಾರದ ವ್ಯಾಪ್ತಿ ಬಹಳ ಚಿಕ್ಕದು: ಸಮಾನ ಅಂಕ ಪಡೆದವರನ್ನು ಅವರವರೊಳಗೇ ಸಾಲಾಗಿ ನಿಲ್ಲಿಸುವುದಷ್ಟೇ ಅದರ ಕೆಲಸವಾಗಿದ್ದು, ಆ ಗುಂಪಿನ ಮೇಲಿರುವ ತಂಡವನ್ನು ಕೆಳಗಿಳಿಸುವ ಅಥವಾ ಕೆಳಗಿರುವ ತಂಡವನ್ನು ಮೇಲೇರಿಸುವ ಹಕ್ಕು ಅದಕ್ಕಿಲ್ಲ. ಕಾಗದದ ಮೇಲೆ ಇಷ್ಟು ಸರಳವಾಗಿರುವ ಈ ನಿಯಮವು ತುಂಬಿದ ಸಭಾಂಗಣದಲ್ಲಿ ಹೇಗೆ ಕಗ್ಗಂಟಾಗುತ್ತದೆ ಎಂಬುದಕ್ಕೆ, ಈ ಲೇಖಕನೇ ಕ್ವಿಜ್ ಮಾಸ್ಟರ್ ಆಗಿದ್ದ ಒಂದು ಜಿಲ್ಲಾ ಮಟ್ಟದ ಪ್ರೌಢಶಾಲಾ ಸ್ಪರ್ಧೆ ಸಾಕಷ್ಟು ಸಾಕ್ಷ್ಯ ಒದಗಿಸುತ್ತದೆ.

ಆ ಸ್ಪರ್ಧೆಯ ಲಿಖಿತ ಪೂರ್ವಭಾವಿ ಸುತ್ತಿನಲ್ಲಿಯೂ, ಅಂದರೆ ಎಲ್ಲರೂ ‘ಪ್ರಿಲಿಮ್ಸ್’ ಎನ್ನುವ ಹಂತದಲ್ಲಿಯೂ, ಒಂದು ಟೈ ಉಂಟಾಗಿತ್ತು. ವೇದಿಕೆಯ ಆರನೆಯ ಸ್ಥಾನಕ್ಕೆ ಎರಡು ತಂಡಗಳು ಸಮನಾಗಿದ್ದವು. ಬೆಂಗಳೂರಿನ ರಸಪ್ರಶ್ನೆ ವಲಯದಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿಯಂತೆ ಅಲ್ಲಿ ಕೆಲವು ಪ್ರಶ್ನೆಗಳಿಗೆ ನಕ್ಷತ್ರದ ಗುರುತು ಹಾಕಲಾಗಿದ್ದು, ಇಂತಹ ‘ಸ್ಟಾರ್ ಪ್ರಶ್ನೆ’ಗಳಿಗೆ ಹೆಚ್ಚುವರಿ ಅಂಕವಿರುವುದಿಲ್ಲ, ಆದರೆ ಒಟ್ಟು ಅಂಕ ಸಮನಾದಾಗ ಇವುಗಳಲ್ಲಿ ಹೆಚ್ಚು ಸರಿಯುತ್ತರ ಬರೆದ ತಂಡ ಮುಂದೆ ಹೋಗುತ್ತದೆ. ನಕ್ಷತ್ರಗಳ ಲೆಕ್ಕದಿಂದ ಆ ಟೈ ಕ್ಷಣದಲ್ಲಿ ಬಗೆಹರಿಯಿತು. ಹೊರಬಿದ್ದ ತಂಡದ ಶಿಕ್ಷಕಿ ಉತ್ತರಪತ್ರಿಕೆಯನ್ನು ಒಮ್ಮೆ ತಿರುವಿ ನೋಡಿ ಮರಳಿ ಕೊಟ್ಟರೇ ವಿನಾ ತಕರಾರು ಮಾಡಲಿಲ್ಲ, ಏಕೆಂದರೆ ನಿಯಮವು ಆ ಉತ್ತರಪತ್ರಿಕೆಯ ನೆತ್ತಿಯ ಮೇಲೆಯೇ ಅಚ್ಚಾಗಿತ್ತು.

ವೇದಿಕೆಯ ಸುತ್ತುಗಳ ವಿಷಯದಲ್ಲಿ ಹೀಗಾಗಲಿಲ್ಲ. ಟೈ ಬ್ರೇಕರ್‌ನ ನಿಯಮಗಳಿದ್ದ ಹಾಳೆಯನ್ನು ಬೆಳಿಗ್ಗೆಯೇ ಆರೂ ತಂಡಗಳ ನಾಯಕರಿಗೆ ಕೊಟ್ಟು ಸಹಿ ಪಡೆಯಲಾಗಿತ್ತಾದರೂ, ಅದನ್ನು ಸಭೆಗೆ ಓದಿ ಹೇಳುವ ಹೊತ್ತಿಗೆ ಉದ್ಘಾಟನೆಗೆ ಬಂದಿದ್ದ ಅಧಿಕಾರಿಗಳು, ಸ್ವಾಗತ, ಪ್ರಾಸ್ತಾವಿಕ ನುಡಿ ಮತ್ತು ತಮ್ಮದೇ ಭಾಷಣಗಳಲ್ಲಿ ಕಳೆದ ಸಮಯವನ್ನು ಎಲ್ಲಾದರೂ ಉಳಿಸಬೇಕೆಂದು ಯೋಚಿಸಿ, “ನಿಯಮ ಎಲ್ಲರಿಗೂ ಗೊತ್ತಿರೋದೇ, ಶುರು ಮಾಡಿ ಸರ್” ಎಂದು ಅಪ್ಪಣೆ ಕೊಡಿಸಿದರು. ಆಮೇಲೆ ನಡೆದ ಗದ್ದಲದ ಬಹುಪಾಲು ಈ ಒಂದು ವಾಕ್ಯದ ಫಲ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಕೊನೆಯ ಸುತ್ತು ಮುಗಿದಾಗ ಡಿ ತಂಡಕ್ಕೆ 75 ಅಂಕ, ಎ, ಸಿ ಮತ್ತು ಎಫ್ ತಂಡಗಳಿಗೆ ತಲಾ 60, ಬಿ ತಂಡಕ್ಕೆ 45, ಇ ತಂಡಕ್ಕೆ 40 ಅಂಕಗಳಿದ್ದವು. ಬಹುಮಾನಗಳು ಮೂರು, ವಿಭಾಗ ಮಟ್ಟಕ್ಕೆ ಹೋಗುವ ಅವಕಾಶ ಮೊದಲ ಎರಡು ತಂಡಗಳಿಗೆ ಮಾತ್ರ. ಆದ್ದರಿಂದ 60ರಲ್ಲಿ ನಿಂತ ಮೂವರಲ್ಲಿ ಒಬ್ಬರಿಗೆ ಮುಂದಿನ ಹಂತ, ಮತ್ತೊಬ್ಬರಿಗೆ ಕೇವಲ ಬಹುಮಾನ, ಮೂರನೆಯವರಿಗೆ ಎರಡೂ ಇಲ್ಲ ಎಂಬ ಸ್ಥಿತಿ ಏರ್ಪಟ್ಟಿತು.

ನಿಯಮದ ಪ್ರಕಾರ ಮೊದಲು ಮೂರು ಪ್ರಶ್ನೆಗಳನ್ನು ಮೂರೂ ತಂಡಗಳಿಗೆ ಒಟ್ಟಿಗೆ ಕೇಳಿ, ಉತ್ತರಗಳನ್ನು ಚೀಟಿಯಲ್ಲಿ ಬರೆಸಿ, ಒಂದೇ ಬಾರಿಗೆ ಎತ್ತಿ ತೋರಿಸಲು ಹೇಳಲಾಯಿತು. ಬಜರ್ ಬಳಸಬಹುದಿತ್ತಲ್ಲ ಎಂದು ಅನಂತರ ಕೇಳಿದವರಿದ್ದಾರೆ. ಬಜರ್ ಅಳೆಯುವುದು ಅರಿವಿನಷ್ಟೇ ಬೆರಳಿನ ಚುರುಕನ್ನೂ ಆಗಿರುವುದರಿಂದ, ಮೂವರಲ್ಲಿ ಮೊದಲು ಒತ್ತಿದವರು ತಪ್ಪಿದಾಗ ಉಳಿದಿಬ್ಬರಿಗೆ ಯೋಚಿಸಲು ಪುಕ್ಕಟೆಯಾಗಿ ಸಮಯ ಸಿಗುವುದರಿಂದ, ಮೂವರನ್ನು ಸಾಲಾಗಿಸುವ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಸರದಿಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳುವುದಂತೂ ಇನ್ನೂ ಅನ್ಯಾಯ, ಒಬ್ಬರಿಗೆ ಸುಲಭದ್ದು ಬಂದು ಮತ್ತೊಬ್ಬರಿಗೆ ಕಷ್ಟದ್ದು ಬಂತೆಂಬ ದೂರಿಗೆ ಉತ್ತರವೇ ಇರುವುದಿಲ್ಲ.

ಹಲ್ಮಿಡಿ ಶಾಸನ ದೊರೆತ ಊರು ಯಾವ ತಾಲ್ಲೂಕಿನಲ್ಲಿದೆ ಎಂಬ ಮೊದಲ ಪ್ರಶ್ನೆಗೆ ಮೂವರೂ ಬೇಲೂರು ಎಂದು ಬರೆದರು. ಮೊದಲು ತೆರೆಕಂಡ ಕನ್ನಡ ವಾಕ್ಚಿತ್ರ ಯಾವುದು ಎಂಬ ಎರಡನೆಯ ಪ್ರಶ್ನೆಗೆ ಎ ಮತ್ತು ಸಿ ತಂಡಗಳು ‘ಸತಿ ಸುಲೋಚನಾ’ ಎಂದು ಸರಿಯಾಗಿ ಬರೆದರೆ, ಎಫ್ ತಂಡ ‘ಭಕ್ತ ಧ್ರುವ’ ಎಂದು ಬರೆಯಿತು. ಆ ಮಕ್ಕಳು ಏನೂ ತಿಳಿಯದೆ ಹಾಗೆ ಬರೆದವರಲ್ಲ. ತಯಾರಿಕೆಯಲ್ಲಿ ಮುಂದಿದ್ದದ್ದು ‘ಭಕ್ತ ಧ್ರುವ’, ಆದರೆ 1934ರಲ್ಲಿ ಮೊದಲು ಪ್ರೇಕ್ಷಕರ ಮುಂದೆ ಬಂದದ್ದು ‘ಸತಿ ಸುಲೋಚನಾ’, ಮತ್ತು ಪ್ರಶ್ನೆಯಲ್ಲಿ ‘ತೆರೆಕಂಡ’ ಎಂಬ ಪದವನ್ನು ಇಟ್ಟದ್ದೇ ಈ ವ್ಯತ್ಯಾಸಕ್ಕಾಗಿ. ‘ಮಂಗಳೂರು ಸಮಾಚಾರ’ ಪತ್ರಿಕೆಯ ಸಂಪಾದಕರು ಯಾರು ಎಂಬ ಮೂರನೆಯದಕ್ಕೆ ಯಾರಿಂದಲೂ ಹರ್ಮನ್ ಮೋಗ್ಲಿಂಗ್ ಎಂಬ ಹೆಸರು ಬರಲಿಲ್ಲ. ಹೀಗೆ ಎ ಮತ್ತು ಸಿ ತಂಡಗಳಿಗೆ ಎರಡೆರಡು, ಎಫ್ ತಂಡಕ್ಕೆ ಒಂದು ಸರಿಯುತ್ತರವಾಗಿ, ಎಫ್ ತಂಡದ ಸ್ಥಾನ ಅಲ್ಲಿಗೆ ನಾಲ್ಕನೆಯದೆಂದು ನಿಶ್ಚಯವಾಯಿತು.

ಉಳಿದ ಇಬ್ಬರಿಗೆ ‘ಅತಿ ಸಮೀಪದ ಉತ್ತರ’ ಎಂಬ ವಿಧಾನ ಕಾದಿತ್ತು. ಇದರಲ್ಲಿ ಸಂಖ್ಯೆಯೇ ಉತ್ತರವಾಗಿರುವ ಪ್ರಶ್ನೆ ಕೇಳಿ, ನಿಜವಾದ ಸಂಖ್ಯೆಗೆ ಯಾರು ಹತ್ತಿರವಿದ್ದಾರೋ ಅವರನ್ನು ಮೇಲಿಡಲಾಗುತ್ತದೆ. ಇಂತಹ ಪ್ರಶ್ನೆ ಆರಿಸುವಾಗ ಬೆಟ್ಟದ ಎತ್ತರ, ನದಿಯ ಉದ್ದ ಮುಂತಾದವನ್ನು ದೂರವಿಡುವುದು ಕ್ಷೇಮ, ಏಕೆಂದರೆ ಮುಳ್ಳಯ್ಯನಗಿರಿಯ ಎತ್ತರವೇ ಒಂದು ಪುಸ್ತಕದಲ್ಲಿ ಒಂದು, ಮತ್ತೊಂದರಲ್ಲಿ ಮತ್ತೊಂದು ಇರುತ್ತದೆ. ಪ್ರಕಟವಾದ ಗ್ರಂಥದ ವರ್ಷ ಹಾಗಲ್ಲ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದ ವರ್ಷವನ್ನು ಕೇಳಿದಾಗ ಎ ತಂಡದ ಚೀಟಿಯಲ್ಲಿ 1890, ಸಿ ತಂಡದ ಚೀಟಿಯಲ್ಲಿ 1898 ಎಂದಿತ್ತು. ಸರಿಯಾದ ವರ್ಷ 1894. ಇಬ್ಬರೂ ನಾಲ್ಕು ವರ್ಷ ದೂರ. ಅತಿ ಸಮೀಪದ ವಿಧಾನದಿಂದ ಟೈ ಮುರಿದೇ ಮುರಿಯುತ್ತದೆ ಎಂದು ನಂಬಿರುವವರು ಈ ಸಾಧ್ಯತೆಯನ್ನು ಮರೆಯುತ್ತಾರೆ. ಇದರ ಜೊತೆಗೆ, ಪಕ್ಕದಲ್ಲಿ ಕುಳಿತಿದ್ದ ಎಫ್ ತಂಡದ ಹುಡುಗಿ ಚೀಟಿಗಳು ಮೇಲೇಳುತ್ತಿದ್ದಂತೆಯೇ ‘ತೊಂಬತ್ತನಾಲ್ಕು’ ಎಂದು ತನ್ನ ಜೊತೆಗಾರನಿಗೆ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತ್ತು.

ದೂರ ಸಮನಾದರೆ ಅದೇ ಬಗೆಯ ಮತ್ತೊಂದು ಪ್ರಶ್ನೆ ಎಂದು ನಿಯಮವಿದ್ದುದರಿಂದ, ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯತೊಡಗಿದ ವರ್ಷವನ್ನು ಕೇಳಲಾಯಿತು. ಎ ತಂಡ 1902 ಎಂದು ಸರಿಯಾಗಿಯೇ ಬರೆಯಿತು, ಸಿ ತಂಡ 1905 ಎಂದು ಬರೆಯಿತು. ಎ ಎರಡನೆಯದು, ಸಿ ಮೂರನೆಯದು ಎಂದು ಘೋಷಿಸಿ, ಪರದೆಯ ಮೇಲೆ ಅಂತಿಮ ಪಟ್ಟಿಯನ್ನು ತೋರಿಸುವಂತೆ ಸೂಚಿಸಲಾಯಿತು.

ಪರದೆ ಬೆಳಗಿದಾಗ ಅಲ್ಲಿ ಎ ತಂಡಕ್ಕೆ 90, ಸಿ ತಂಡಕ್ಕೆ 80, ಡಿ ತಂಡಕ್ಕೆ 75, ಎಫ್ ತಂಡಕ್ಕೆ 70 ಎಂದಿತ್ತು. ಅಂಕ ದಾಖಲಿಸುತ್ತಿದ್ದ ಸ್ಕೋರರ್ ಟೈ ಬ್ರೇಕರನ್ನು ಮತ್ತೊಂದು ಸುತ್ತೆಂದೇ ಭಾವಿಸಿ, ಲ್ಯಾಪ್‌ಟಾಪಿನ ಹಾಳೆಯಲ್ಲಿ ಹೊಸ ಕಾಲಂ ತೆರೆದು, ಪ್ರತಿ ಸರಿಯುತ್ತರಕ್ಕೂ ಹತ್ತರಂತೆ ತುಂಬಿದ್ದರಿಂದ, ಯಂತ್ರವು ಎಲ್ಲವನ್ನೂ ಕೂಡಿಸಿ ಮೇಲಿನಿಂದ ಕೆಳಕ್ಕೆ ಜೋಡಿಸಿಬಿಟ್ಟಿತ್ತು. ಟೈ ಬ್ರೇಕರಿನಲ್ಲಿ ಆಡಲು ಅವಕಾಶವೇ ಇಲ್ಲದಿದ್ದ ಡಿ ತಂಡ, ಗೆದ್ದ ತಪ್ಪಿಗೆ ಮೂರನೆಯ ಸ್ಥಾನಕ್ಕೆ ಇಳಿದಂತಾಯಿತು. ಡಿ ತಂಡದ ಪೋಷಕರೊಬ್ಬರು ಕುರ್ಚಿ ಸರಿಸಿ ಎದ್ದು ವೇದಿಕೆಯತ್ತ ಬಂದರು. ಎಫ್ ತಂಡದ ಶಿಕ್ಷಕರು “ನಮ್ಮ ಮಗು ಕರೆಕ್ಟ್ ಉತ್ತರ ಹೇಳಿದ್ದನ್ನ ಇಡೀ ಹಾಲ್ ಕೇಳಿದೆ” ಎಂದು ಕೂಗಿದರು. ಸಿ ತಂಡದ ಕಡೆಯವರು, 1890 ಮತ್ತು 1898ರಲ್ಲಿ ನಿಜವಾದ ವರ್ಷವನ್ನು ಮೀರದ ಉತ್ತರಕ್ಕೆ ಮನ್ನಣೆ ಇದೆಯೋ ಇಲ್ಲವೋ ಎಂಬ, ತಮ್ಮ ತಂಡಕ್ಕೇ ಮುಳುವಾಗಬಹುದಾಗಿದ್ದ ಪ್ರಶ್ನೆಯನ್ನೆತ್ತಿದರು. ಇವೆಲ್ಲದರ ನಡುವೆ ಅದೇ ಅಧಿಕಾರಿಗಳು ಗಡಿಯಾರ ನೋಡಿಕೊಂಡು, ನಾಲ್ಕೂ ತಂಡಗಳ ಹೆಸರು ಬರೆದು ಚೀಟಿ ಎತ್ತಿಬಿಡಿ, ಊಟ ತಣ್ಣಗಾಗುತ್ತಿದೆ ಎಂದು ಸಲಹೆ ಕೊಟ್ಟರು. ಮೊದಲ ಸ್ಥಾನ ನ್ಯಾಯವಾಗಿ ಗೆದ್ದ ತಂಡವನ್ನೂ ಸೇರಿಸಿ ಅದೃಷ್ಟ ಪರೀಕ್ಷೆಗೆ ಇಳಿಸುವ ಈ ಸಲಹೆಗೆ ಸಭೆಯಲ್ಲಿ ಚಪ್ಪಾಳೆಯೂ ಬಿತ್ತು ಎಂಬುದನ್ನು ದಾಖಲಿಸಲೇಬೇಕು.

ಕ್ವಿಜ್ ಮಾಸ್ಟರ್‌ನ ಭಾಷಣ ಆರಂಭವಾದದ್ದು ಆ ಚಪ್ಪಾಳೆಯ ಬಳಿಕ. ಪರದೆಯನ್ನು ಆರಿಸಿ, ಮೂಲೆಯಲ್ಲಿದ್ದ ಕರಿಹಲಗೆಯನ್ನು ಮುಂದಕ್ಕೆ ತರಿಸಿ, ಅದರ ಮೇಲೆ 75, 60, 60, 60, 45, 40 ಎಂದು ಬರೆದು, ಈ ಆರು ಸಂಖ್ಯೆಗಳು ಇನ್ನು ಬದಲಾಗುವುದಿಲ್ಲ ಎಂಬ ಮಾತಿನಿಂದ ಅದು ತೊಡಗಿತು. ಮೂರು 60ಗಳ ಸುತ್ತ ಚೌಕಟ್ಟು ಎಳೆದು, ಈ ಮೂವರು ಎರಡು, ಮೂರು ಮತ್ತು ನಾಲ್ಕನೆಯ ಸ್ಥಾನಗಳಿಗೆ ಸಮಾನ ಹಕ್ಕುದಾರರು, ಟೈ ಬ್ರೇಕರ್ ಕೆಲಸ ಮಾಡುವುದು ಈ ಚೌಕಟ್ಟಿನೊಳಗೆ ಮಾತ್ರ, ಆದ್ದರಿಂದ ಅಲ್ಲಿ ಯಾರು ಎಷ್ಟೇ ಉತ್ತರ ಹೇಳಿದರೂ 75ರ ಮೇಲೆ ಹೋಗಲಾರರು, ಒಂದೂ ಹೇಳದಿದ್ದರೂ 45ರ ಕೆಳಗೆ ಬರಲಾರರು ಎಂದು ವಿವರಿಸಲಾಯಿತು. ಅಂಕಗಳ ಪಕ್ಕದಲ್ಲಿ, ಕೂಡಿಸದೆ, ಬೇರೆಯಾಗಿಯೇ 2, 2, 1 ಎಂದು ಬರೆದಾಗ ಡಿ ತಂಡದ ಪೋಷಕರು ಮರಳಿ ಕುಳಿತರು.

ಎಫ್ ತಂಡದ ಆಕ್ಷೇಪಕ್ಕೆ ಉತ್ತರಿಸಲು ಹೆಚ್ಚು ಸಮಯ ಹಿಡಿಯಿತು, ಏಕೆಂದರೆ ಆ ಆಕ್ಷೇಪದಲ್ಲಿ ಹುರುಳಿತ್ತು. ಟೈ ಬ್ರೇಕರ್ ಹಂತ ಹಂತವಾಗಿ ನಡೆಯುವಾಗ ಪ್ರತಿ ಹಂತದಲ್ಲೂ ಬೇರೆಯಾದವರ ಸ್ಥಾನ ಅಲ್ಲೇ ಗಟ್ಟಿಯಾಗುತ್ತದೆ, ಮುಂದಿನ ಪ್ರಶ್ನೆ ಇನ್ನೂ ಸಮನಾಗಿ ಉಳಿದವರಿಗೆ ಮಾತ್ರ. ಹಾಗಿಲ್ಲದಿದ್ದರೆ ಒಮ್ಮೆ ತೀರ್ಮಾನವಾದದ್ದು ಪ್ರತಿ ಪ್ರಶ್ನೆಗೂ ಮತ್ತೆ ತೆರೆದುಕೊಂಡು ಸುತ್ತು ಎಲ್ಲಿ ಮುಗಿಯಬೇಕೆಂಬುದೇ ತಿಳಿಯದಾಗುತ್ತದೆ. ಮೂವರನ್ನೂ ಕೊನೆಯವರೆಗೆ ಉಳಿಸಿಕೊಳ್ಳುವ ನಿಯಮವನ್ನೂ ಮಾಡಬಹುದು, ಅದು ತಪ್ಪಲ್ಲ, ಆದರೆ ಅದನ್ನು ಮೊದಲ ಪ್ರಶ್ನೆಗೆ ಮುಂಚೆ ಮಾಡಿರಬೇಕು, ಉತ್ತರ ಕೇಳಿಸಿದ ಮೇಲಲ್ಲ. ಇಷ್ಟು ಹೇಳಿ, ಎಫ್ ತಂಡದ ನಾಯಕನೇ ಸಹಿ ಹಾಕಿದ್ದ ಹಾಳೆಯಿಂದ ಸಂಬಂಧಪಟ್ಟ ಸಾಲನ್ನು ಅವನ ಕೈಯಲ್ಲೇ ಓದಿಸಲಾಯಿತು. ಅದೇ ಹಾಳೆಯಲ್ಲಿ ದೂರವನ್ನು ಹಿಂದೆ ಮುಂದೆ ಎರಡೂ ಕಡೆಗೆ ಸಮಾನವಾಗಿ ಎಣಿಸಲಾಗುವುದು ಎಂದಿದ್ದುದರಿಂದ ಸಿ ತಂಡದವರ ಪ್ರಶ್ನೆ ಅಲ್ಲಿಗೇ ಮುಗಿಯಿತು. ಎಫ್ ತಂಡದ ಶಿಕ್ಷಕರಿಗೆ ಸಮಾಧಾನವಾಯಿತೆಂದು ಹೇಳಲಾಗದು. ಊಟದ ಮನೆಯಲ್ಲಿಯೂ ಅವರು ಅದನ್ನೇ ಹೇಳುತ್ತಿದ್ದರು.

ಇಂತಹ ಹೊಣೆ ಹೊರುವವರಿಗೆ ಹೇಳಬೇಕಾದದ್ದು ಸ್ವಲ್ಪವೇ ಇದೆ. ಟೈ ಬ್ರೇಕರಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡದೆ ಪ್ರತ್ಯೇಕ ಕಾಗದದಲ್ಲಿ ಇಡಬೇಕು, ಆಡದ ತಂಡಗಳನ್ನು ಆ ಹೊತ್ತಿಗೆ ಮೈಕಿನಿಂದ ದೂರ ಕೂರಿಸಬೇಕು, ಸಂಖ್ಯೆಯ ಉತ್ತರವಿರುವ ಪ್ರಶ್ನೆಗಳು ಕೈಯಲ್ಲಿ ಮೂರಾದರೂ ಇರಬೇಕು. ಬಹುಮಾನವನ್ನಾಗಲಿ ಮುಂದಿನ ಹಂತವನ್ನಾಗಲಿ ತಟ್ಟದ ಐದು-ಆರನೆಯ ಸ್ಥಾನಗಳ ಟೈಯನ್ನು ಮುರಿಯಲು ಹೋಗದೆ, ಇಬ್ಬರಿಗೂ ಐದನೆಯ ಸ್ಥಾನ ಕೊಟ್ಟು ಸುಮ್ಮನಿರಬಹುದು. ಇನ್ನು ಉದ್ಘಾಟಕರಾಗಿ ಬರುವ ಮಾನ್ಯ ಅಧಿಕಾರಿಗಳಲ್ಲಿ ಒಂದು ವಿನಂತಿ: ತಮ್ಮ ಭಾಷಣದಿಂದ ಎರಡು ನಿಮಿಷ ಕಡಿತ ಮಾಡಿ, ಮೊದಲ ಪ್ರಶ್ನೆಗೆ ಮುನ್ನ ನಿಯಮಗಳನ್ನು ಇಡೀ ಸಭೆಗೆ ಓದಲು ಬಿಡಬೇಕು.