ಉಬ್ಬು ಕಾಣದ ತೊಡೆಸಂದಿನ ನೋವು: ಕಾಲ್ಚೆಂಡಿನ ಆಟಗಾರರಲ್ಲಿ ಮೂಲವನ್ನು ಗುರುತಿಸುವ ಬಗೆ

ಕಾಲ್ಚೆಂಡು ಆಡುವ ತರುಣನಿಗೆ ತೊಡೆಸಂದಿನಲ್ಲಿ ನೋವು ಬಂದರೆ ಮನೆಯ ಹಿರಿಯರಿಗೆ ಮೊದಲು ಮೂಡುವ ಶಂಕೆ ಹರ್ನಿಯಾದ್ದು. ಪರೀಕ್ಷಿಸಿದ ವೈದ್ಯರು ಉಬ್ಬು ಇಲ್ಲವೆಂದರೆ ಶಂಕೆಯೇನೋ ತೀರುತ್ತದೆ. ನೋವು ಮಾತ್ರ ಉಳಿಯುತ್ತದೆ. ಆ ಬಳಿಕ ಕೆಲವರು ತಿಂಗಳುಗಟ್ಟಲೆ ವಿಶ್ರಾಂತಿ ಪಡೆದು ಮತ್ತೆ ಮೈದಾನಕ್ಕಿಳಿದೊಡನೆ ನೋವನ್ನು ಮರಳಿ ಪಡೆಯುತ್ತಾರೆ. ಮತ್ತೆ ಕೆಲವರು ಅಗತ್ಯವಿಲ್ಲದ ಶಸ್ತ್ರಚಿಕಿತ್ಸೆಯತ್ತ ಹೊರಳುತ್ತಾರೆ. ಉಬ್ಬು ಇಲ್ಲದ ಈ ನೋವು ಎಲ್ಲಿಂದ ಹುಟ್ಟುತ್ತದೆ, ಅದನ್ನು ಹೇಗೆ ಗುರುತಿಸುತ್ತಾರೆ, ಯಾವುದಕ್ಕೆ ಯಾವ ಚಿಕಿತ್ಸೆ ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ಒಂದು ಎಲುಬು, ಎರಡು ಸೆಳೆತ

ಕಿಬ್ಬೊಟ್ಟೆಯ ಕೆಳತುದಿಯಲ್ಲಿ, ನಡುಮಧ್ಯದಲ್ಲಿ, ಕೈಗೆ ಗಟ್ಟಿಯಾಗಿ ತಗಲುವ ಎಲುಬೊಂದಿದೆ. ಅದಕ್ಕೆ ಪ್ಯೂಬಿಕ್ ಎಲುಬು ಎನ್ನುತ್ತಾರೆ. ಹೊಟ್ಟೆಯ ಸ್ನಾಯುಗಳು ಮೇಲಿನಿಂದ ಇಳಿದು ಬಂದು ಇದನ್ನು ಹಿಡಿಯುತ್ತವೆ. ಕಾಲನ್ನು ಒಳಕ್ಕೆ ಸೆಳೆಯುವ ಒಳತೊಡೆಯ ಸ್ನಾಯುಗಳು ಇದೇ ಎಲುಬಿನಿಂದ ಹೊರಟು ಕೆಳಗಿಳಿಯುತ್ತವೆ. ತುಸು ಹೊರಭಾಗದಲ್ಲಿ, ಇನ್ನೂ ಆಳದಲ್ಲಿ, ತೊಡೆಯ ಮೂಳೆಯ ಗುಂಡುತಲೆ ಬಟ್ಟಲಿನಲ್ಲಿ ಕುಳಿತಿರುವ ಸೊಂಟದ ಕೀಲು ಇದೆ. ಈ ಮೂರೂ ಅಂಗೈಯಗಲದ ಜಾಗದಲ್ಲಿ ಸೇರಿರುವುದರಿಂದ ಯಾವುದು ಕೆಟ್ಟರೂ ಆಟಗಾರನು 'ತೊಡೆಸಂದಿನ ನೋವು' ಎಂದೇ ಹೇಳುತ್ತಾನೆ.

ಚೆಂಡನ್ನು ಬಲವಾಗಿ ಒದೆಯುವಾಗ ಕಾಲು ಮೊದಲು ಹಿಂದಕ್ಕೂ ಹೊರಕ್ಕೂ ಹೋಗುತ್ತದೆ. ಆಗ ಒಳತೊಡೆಯ ಸ್ನಾಯು ಎಳೆದು ಉದ್ದವಾಗುತ್ತಿರುವ ಕ್ಷಣದಲ್ಲೇ ಬಿಗಿದುಕೊಂಡು ಕಾಲನ್ನು ಮುಂದಕ್ಕೆ ತರಬೇಕಾಗುತ್ತದೆ. ಓಡುತ್ತಿರುವಾಗ ದಿಕ್ಕನ್ನು ಥಟ್ಟನೆ ಬದಲಿಸುವಾಗಲೂ ಹೀಗೆಯೇ. ಉದ್ದವಾಗುತ್ತಲೇ ಬಿಗಿಯುವ ಈ ಕೆಲಸವೇ ಸ್ನಾಯುವಿಗೆ ಅತ್ಯಂತ ಕಠಿಣವಾದದ್ದು. ಕಾಲ್ಚೆಂಡಿನಲ್ಲಿ ಈ ಪೀಡೆ ಹೆಚ್ಚಾಗಿರಲು ಇದೇ ಮುಖ್ಯ ಕಾರಣ.

ಹೆಸರುಗಳ ಗೊಂದಲ

ಲಂಡನ್ನಿನ ಶಸ್ತ್ರವೈದ್ಯ ಜೆರ್ರಿ ಗಿಲ್ಮೋರ್ ಅವರು 1980ರಲ್ಲಿ ಉಬ್ಬಿಲ್ಲದೆ ನೋವಿನಿಂದ ಬಳಲುತ್ತಿದ್ದ ವೃತ್ತಿಪರ ಕಾಲ್ಚೆಂಡಿನ ಆಟಗಾರರನ್ನು ಪರೀಕ್ಷಿಸಿ, ಕಿಬ್ಬೊಟ್ಟೆಯ ಗೋಡೆ ಸಡಿಲಗೊಂಡಿರುವುದನ್ನು ವರ್ಣಿಸಿದರು. ಮುಂದೆ ಇಂಥ ನೋವಿಗೆ 'ಸ್ಪೋರ್ಟ್ಸ್ ಹರ್ನಿಯಾ' ಎಂಬ ಹೆಸರು ಬಳಕೆಗೆ ಬಂತು. ಆದರೆ ಇಲ್ಲಿ ಕರುಳು ಹೊರಗೆ ತಳ್ಳಿಕೊಂಡು ಬರುವುದಿಲ್ಲ. ಆದುದರಿಂದ ಇದು ನಿಜವಾದ ಹರ್ನಿಯಾ ಅಲ್ಲ. ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸಿದ್ದರಿಂದ ಚಿಕಿತ್ಸೆಯೂ ಗೊಂದಲವಾಯಿತು. 2014ರ ನವೆಂಬರಿನಲ್ಲಿ 14 ದೇಶಗಳ 24 ತಜ್ಞರು ಕತಾರಿನ ದೋಹಾದಲ್ಲಿ ಸೇರಿ, ಆ ಹೆಸರನ್ನು ಕೈಬಿಟ್ಟು, ಕೈಯಿಂದ ಒತ್ತಿ ನೋಡಿದಾಗ ಯಾವ ಭಾಗ ನೋಯುತ್ತದೆ, ಯಾವ ಚಲನೆಯನ್ನು ತಡೆದಾಗ ನೋಯುತ್ತದೆ ಎಂಬುದರ ಮೇಲೆಯೇ ನೋವನ್ನು ವಿಂಗಡಿಸಬೇಕೆಂದು ಒಪ್ಪಿದರು. ಆ ವಿಂಗಡಣೆಯಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಮೂರು ಬಗೆಗಳನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇವೆ.

ಒಬ್ಬ ತರುಣನ ನಿದರ್ಶನ

ಕೈವಾರದ ಆಸುಪಾಸಿನ ಹಳ್ಳಿಯೊಂದರ 20 ವರ್ಷದ ತರುಣನನ್ನು ಕಲ್ಪಿಸಿಕೊಳ್ಳೋಣ. ಚಿಂತಾಮಣಿಯ ಕಾಲೇಜಿನಲ್ಲಿ ಓದುತ್ತಾನೆ. ಸಂಜೆ ಬಿಸಿಲಿಗೆ ಕಲ್ಲಿನಂತಾದ ಮೈದಾನದಲ್ಲಿ ಆಡುತ್ತಾನೆ. ಪಂದ್ಯಾವಳಿಗಾಗಿ ವಾರಕ್ಕೆರಡು ದಿನದ ಆಟವನ್ನು ಒಮ್ಮೆಲೇ ಆರು ದಿನಕ್ಕೆ ಏರಿಸಿದ. ಮೂರನೆಯ ವಾರ ಬಲ ತೊಡೆಸಂದಿನಲ್ಲಿ ನೋವು ಶುರುವಾಯಿತು. ಆಟದ ಆರಂಭದಲ್ಲಿ ನೋವು, ಮೈ ಬಿಸಿಯಾದ ಮೇಲೆ ಕಡಿಮೆ, ಮರುದಿನ ಬೆಳಗ್ಗೆ ಬಿಗಿತ. ಎರಡೂವರೆ ತಿಂಗಳು ಕಳೆದರೂ ಹೋಗಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಹರ್ನಿಯಾ ಕಾಣಲಿಲ್ಲ. ಆದರೂ 'ಒಳಗೆ ಹರ್ನಿಯಾ ಅಡಗಿರಬಹುದು' ಎಂಬ ಭಯ ಮನೆಯವರಿಗೆ.

ಇಂಥವನನ್ನು ಬಲ್ಲ ವೈದ್ಯರು ಮೊದಲು ನಿಲ್ಲಿಸಿ, ಕೆಮ್ಮಿಸಿ, ತೊಡೆಸಂದಿನ ಮೇಲೆ ಬೆರಳಿಟ್ಟು ನೋಡುತ್ತಾರೆ. ಏನೂ ತಳ್ಳಿಕೊಂಡು ಬರದಿದ್ದರೆ ಮುಂದಿನದು ಸ್ಪರ್ಶಪರೀಕ್ಷೆ. ಒಳತೊಡೆಯಲ್ಲಿ ಹುರಿಯಂತೆ ತಗಲುವ ಸ್ನಾಯುವನ್ನು ಹಿಡಿದು ಮೇಲಕ್ಕೆ ಸಾಗಿ, ಅದು ಎಲುಬಿಗೆ ಕೂಡುವ ಜಾಗವನ್ನು ಒತ್ತುತ್ತಾರೆ. ಇಲ್ಲಿ ಕೇಳುವ ಪ್ರಶ್ನೆ 'ನೋಯುತ್ತದೆಯೇ?' ಎಂಬುದಷ್ಟೇ ಅಲ್ಲ. 'ಆಡುವಾಗ ಬರುವ ನೋವು ಇದೇನೇ?' ಎಂಬುದು. ಅನಂತರ ಅಂಗಾತ ಮಲಗಿಸಿ, ಮೊಣಕಾಲು ಮಡಿಸಿ, ನಡುವೆ ತಮ್ಮ ಮುಷ್ಟಿಯನ್ನಿಟ್ಟು ಗಟ್ಟಿಯಾಗಿ ಅಮುಕಲು ಹೇಳುತ್ತಾರೆ. ನಮ್ಮ ತರುಣನಿಗೆ ಎರಡರಲ್ಲೂ ಅದೇ ನೋವು ಬಂತು. ತಲೆ ಹೆಗಲು ಎತ್ತಿ ಏಳುವಾಗ ಕಿಬ್ಬೊಟ್ಟೆಯಲ್ಲಿ ನೋವಿಲ್ಲ. ಮೊಣಕಾಲನ್ನು ಎದೆಯತ್ತ ಮಡಿಸಿ ಕಾಲನ್ನು ತಿರುಗಿಸಿದಾಗ ಎರಡೂ ಬದಿಯ ಕೀಲುಗಳು ಸಮನಾಗಿ, ನೋವಿಲ್ಲದೆ ತಿರುಗಿದವು. ಹಾಗಾದರೆ ಮೂಲ ಒಳತೊಡೆಯ ಸ್ನಾಯು ಮತ್ತು ಅದು ಎಲುಬಿಗೆ ಕೂಡುವ ರಜ್ಜು. ಆಟಗಾರರಲ್ಲಿ ಹೆಚ್ಚಾಗಿ ಕಾಣುವುದೂ ಇದೇ.

ಉಳಿದ ಎರಡರ ಗುರುತು

'ಸ್ಪೋರ್ಟ್ಸ್ ಹರ್ನಿಯಾ' ಎಂದು ಕರೆಯುತ್ತಿದ್ದ ನೋವು ತೊಡೆಸಂದಿನ ಗೆರೆಗಿಂತ ತುಸು ಮೇಲೆ, ಕಿಬ್ಬೊಟ್ಟೆಯ ಪಕ್ಕದಲ್ಲಿರುತ್ತದೆ. ಕೆಮ್ಮಿದಾಗ, ಸೀನಿದಾಗ, ಹಾಸಿಗೆಯಿಂದ ಏಳುವಾಗ ಚುಚ್ಚುತ್ತದೆ. ಒಳತೊಡೆಯನ್ನು ಒತ್ತಿದರೆ ಅಷ್ಟಾಗಿ ನೋಯದು. ಏಳುವ ಚಲನೆಯನ್ನು ತಡೆದಾಗ ನೋಯುತ್ತದೆ. ಇವೆರಡೂ ಒಟ್ಟಿಗೇ ಇರುವುದೂ ಉಂಟು, ಏಕೆಂದರೆ ಅವು ಹಿಡಿದಿರುವ ಎಲುಬು ಒಂದೇ.

ಸೊಂಟದ ಕೀಲಿನ ನೋವು ಆಳದಲ್ಲಿರುತ್ತದೆ. ಎಲ್ಲಿ ಎಂದು ಕೇಳಿದರೆ ಆಟಗಾರನು ಬೆರಳಿನಿಂದ ತೋರಿಸದೆ, ಹೆಬ್ಬೆರಳನ್ನು ಹಿಂದಿಟ್ಟು ಉಳಿದ ಬೆರಳುಗಳನ್ನು ಮುಂದಿಟ್ಟು ಸೊಂಟದ ಪಕ್ಕವನ್ನೇ ಹಿಡಿದು ತೋರಿಸುತ್ತಾನೆ. ಕುಕ್ಕರಗಾಲಿನಲ್ಲಿ ಕುಳಿತಾಗ, ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕುಳಿತು ಏಳುವಾಗ, ಬೈಕಿನಿಂದ ಇಳಿಯುವಾಗ ನೋವು ಹೆಚ್ಚುತ್ತದೆ. ಕೀಲು ಸಿಕ್ಕಿಕೊಂಡಂತೆ ಅಥವಾ 'ಕಟಕ್' ಎಂದಂತೆ ಅನ್ನಿಸಬಹುದು. ಮಡಿಸಿದ ತೊಡೆಯನ್ನು ಒಳಕ್ಕೆ ತಿರುಗಿಸಿದಾಗ ನೋಯುವ ಬದಿ ಇನ್ನೊಂದರಷ್ಟು ತಿರುಗುವುದಿಲ್ಲ. ಗುಂಡುತಲೆಯೋ ಬಟ್ಟಲೋ ಸ್ವಲ್ಪ ಬೇರೆ ಆಕಾರದಲ್ಲಿ ಬೆಳೆದು ಒಂದಕ್ಕೊಂದು ತಾಗುವುದು ಇದಕ್ಕೆ ಸಾಮಾನ್ಯ ಕಾರಣ.

ಇಲ್ಲೊಂದು ಎಚ್ಚರಿಕೆ ಬೇಕು. ನೋವೇ ಇಲ್ಲದ ಅನೇಕ ಆಟಗಾರರ ಎಂ.ಆರ್.ಐ. ಚಿತ್ರದಲ್ಲಿಯೂ ಎಲುಬಿನ ಊತ, ಕೀಲಿನ ಆಕಾರಭೇದ ಕಾಣುತ್ತದೆ. ಆದಕಾರಣ ಚಿತ್ರದಲ್ಲಿ ಕಂಡದ್ದೇ ನೋವಿನ ಮೂಲವೆಂದು ತೀರ್ಮಾನಿಸುವಂತಿಲ್ಲ. ಕೈಯ ಪರೀಕ್ಷೆ ಹೇಳಿದ್ದನ್ನು ಚಿತ್ರವೂ ಹೇಳಿದರೆ ಮಾತ್ರ ಅದಕ್ಕೆ ಬೆಲೆ.

ಚಿಕಿತ್ಸೆ: ವಿಶ್ರಾಂತಿಯೊಂದೇ ಸಾಲದು

ನೋವಿದ್ದಾಗ ಬಿಟ್ಟು, ನೋವು ಹೋದಾಗ ಆಡುವುದರಿಂದ ಒಳತೊಡೆಯ ಸ್ನಾಯು ಬಲಗೊಳ್ಳುವುದಿಲ್ಲ. ದುರ್ಬಲವಾಗಿಯೇ ಮೈದಾನಕ್ಕೆ ಮರಳುತ್ತದೆ. ಡೆನ್ಮಾರ್ಕಿನ ಹೊಲ್ಮಿಕ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಎರಡು ತಿಂಗಳಿಗೂ ಹೆಚ್ಚು ಕಾಲ ನೋವುಂಡ ಆಟಗಾರರಲ್ಲಿ ಒಂದು ಗುಂಪಿಗೆ ಬಲವರ್ಧಕ ವ್ಯಾಯಾಮ, ಇನ್ನೊಂದಕ್ಕೆ ತಿಕ್ಕುವಿಕೆ, ಎಳೆತ, ವಿದ್ಯುತ್ ಚಿಕಿತ್ಸೆ ಮೊದಲಾದವನ್ನು ಕೊಟ್ಟರು. ಚಿಕಿತ್ಸೆ ಮುಗಿಸಿದವರಲ್ಲಿ ವ್ಯಾಯಾಮದ ಗುಂಪಿನ 29 ಮಂದಿಯಲ್ಲಿ 23 ಮಂದಿ ನೋವಿಲ್ಲದೆ ಹಿಂದಿನ ಮಟ್ಟದ ಆಟಕ್ಕೆ ಮರಳಿದರು. ಇನ್ನೊಂದು ಗುಂಪಿನ 30ರಲ್ಲಿ ಮರಳಿದವರು 4 ಮಂದಿ ಮಾತ್ರ.

ಆ ಕ್ರಮದ ಮೊದಲ ಎರಡು ವಾರಗಳು ನಮ್ಮ ತರುಣನಿಗೂ ಸಾಧ್ಯವಾದದ್ದೇ. ಅಂಗಾತ ಮಲಗಿ ಕಾಲ್ಚೆಂಡನ್ನು ಪಾದಗಳ ನಡುವೆ ಇಟ್ಟು 30 ಸೆಕೆಂಡು ಅಮುಕುವುದು, ಹೀಗೆ 10 ಬಾರಿ; ಬಳಿಕ ಮೊಣಕಾಲುಗಳ ನಡುವೆ ಇಟ್ಟು ಅಷ್ಟೇ. ಜೊತೆಗೆ ನೇರವಾಗಿಯೂ ಓರೆಯಾಗಿಯೂ ತಲೆಯೆತ್ತಿ ಏಳುವ ಹೊಟ್ಟೆಯ ವ್ಯಾಯಾಮ, ಹತ್ತರಂತೆ ಐದು ಸುತ್ತು. ಮೂರನೆಯ ವಾರದಿಂದ ಪಕ್ಕಕ್ಕೆ ಮಲಗಿ ಕಾಲೆತ್ತುವಂಥ, ಸ್ನಾಯು ಚಲಿಸುತ್ತಲೇ ದುಡಿಯುವ ವ್ಯಾಯಾಮಗಳು ಸೇರುತ್ತವೆ. ಆರು ವಾರಗಳ ಬಳಿಕ, ನೋವಿಲ್ಲದಿದ್ದರೆ, ನಿಧಾನ ಓಟ. ಒಟ್ಟು ಅವಧಿ 8ರಿಂದ 12 ವಾರ. ಒಳತೊಡೆಯನ್ನು ಎಳೆದು ಹಿಗ್ಗಿಸುವ ವ್ಯಾಯಾಮ ಈ ಕ್ರಮದಲ್ಲಿಲ್ಲ. ಇದನ್ನು ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಆರಂಭಿಸುವುದು ಒಳ್ಳೆಯದು. ನಿಲ್ಲಿಸುವ ಗುರುತೂ ಇದೆ: ವ್ಯಾಯಾಮದ ಮರುದಿನ ಬೆಳಗ್ಗೆ ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಪ್ರಮಾಣ ಅತಿಯಾಯಿತೆಂದು ತಿಳಿದು ತಗ್ಗಿಸಬೇಕು. ಮರಳಿ ಆಡುವ ಮುನ್ನ ಮೊಣಕಾಲುಗಳ ನಡುವೆ ಬಲವಾಗಿ ಅಮುಕಿದಾಗ ನೋವಿರಬಾರದು. ಪೂರ್ಣ ವೇಗದ ಓಟ, ದಿಕ್ಕು ಬದಲಾವಣೆ, ಒದೆತ ಮೂರೂ ನೋವಿಲ್ಲದೆ ಆಗಬೇಕು.

ಕಿಬ್ಬೊಟ್ಟೆಯ ಗೋಡೆಯ ನೋವಿನ ಲೆಕ್ಕ ಬೇರೆ. ಅಲ್ಲಿಯೂ ಮೊದಲು ವ್ಯಾಯಾಮವೇ. ಆದರೆ ಮೂರು ತಿಂಗಳು ದಾಟಿದರೂ ನೋವು ಬಿಡದಿದ್ದರೆ, ಬಲೆಯಿಟ್ಟು ಗೋಡೆಯನ್ನು ಬಲಪಡಿಸುವ ಶಸ್ತ್ರಚಿಕಿತ್ಸೆಗೆ ನಿಜವಾದ ಸ್ಥಾನವಿದೆ. ಫಿನ್ಲೆಂಡಿನಲ್ಲಿ 60 ಕ್ರೀಡಾಪಟುಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಪಡೆದ 30ರಲ್ಲಿ 27 ಮಂದಿ ಮೂರು ತಿಂಗಳಲ್ಲಿ ಆಟಕ್ಕೆ ಮರಳಿದರು. ಪಡೆಯದವರಲ್ಲಿ ಸುಮಾರು ಕಾಲು ಭಾಗ ಮಾತ್ರ. ಆದರೆ ಈ ಫಲ ಮೂಲವನ್ನು ಸರಿಯಾಗಿ ಗುರುತಿಸಿದವರಿಗೆ ಸಂದದ್ದು. ಒಳತೊಡೆಯ ನೋವಿಗೆ ಹರ್ನಿಯಾದ ಬಲೆಯಿಟ್ಟರೆ ನೋವು ಅಲ್ಲಿಯೇ ಉಳಿಯುತ್ತದೆ. ಕೀಲಿನ ನೋವಿಗೆ ಮೂಳೆತಜ್ಞರ ಸಲಹೆ, ಆಳವಾಗಿ ಮಡಿಸುವ ಚಲನೆಗಳಿಗೆ ತಾತ್ಕಾಲಿಕ ಮಿತಿ ಮತ್ತು ಸೊಂಟದ ಸುತ್ತಲ ಸ್ನಾಯುಗಳ ಬಲವರ್ಧನೆ ಮೊದಲ ಹೆಜ್ಜೆಗಳು.

ಕಾಯಬಾರದ ಸಂದರ್ಭಗಳು

ವೃಷಣದಲ್ಲಿ ಹಠಾತ್ತಾಗಿ ತೀವ್ರ ನೋವು ಬಂದು ವಾಕರಿಕೆಯಾದರೆ ಅದು ವೃಷಣ ತಿರುಚಿಕೊಂಡಿರುವುದರ ಲಕ್ಷಣವಾಗಿರಬಹುದು. ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ವೃಷಣವನ್ನು ಉಳಿಸುವುದು ಕಷ್ಟ. ಹತ್ತರಿಂದ ಹದಿನಾರು ವಯಸ್ಸಿನ ಬಾಲಕನು ತೊಡೆಸಂದಿನ ಅಥವಾ ಮೊಣಕಾಲಿನ ನೋವೆಂದು ಕುಂಟುತ್ತಿದ್ದರೆ, ಸ್ನಾಯು ಉಳುಕಿದೆಯೆಂದು ಎಣ್ಣೆ ಹಚ್ಚಿ ಕೂರಿಸದೆ, ಕಾಲಿನ ಮೇಲೆ ಭಾರ ಹಾಕಿಸದೆ, ಅಂದೇ ಸೊಂಟದ ಕೀಲಿನ ಎಕ್ಸ್-ರೇ ಮಾಡಿಸಬೇಕು. ಬೆಳೆಯುವ ಮೂಳೆಯ ತಲೆ ಜಾರಿರಬಹುದು. ಕಾಲೂರಿದರೆ ನೋವು, ರಾತ್ರಿ ಮಲಗಿದರೂ ನೋವು ಎಂದರೆ ತೊಡೆಮೂಳೆಯ ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ನೋಡಬೇಕು. ಮೊದಲು ಇಲ್ಲದ ಉಬ್ಬು ಕಾಣಿಸಿಕೊಂಡು, ಒಳಕ್ಕೆ ಹೋಗದೆ, ವಾಂತಿಯೊಡನೆ ನೋಯತೊಡಗಿದರೆ ಅದು ಸಿಕ್ಕಿಕೊಂಡ ಹರ್ನಿಯಾ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಾರದಂತೆ ತಡೆಯಲು

ನಾರ್ವೆಯ 35 ಕಾಲ್ಚೆಂಡಿನ ತಂಡಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳತೊಡೆಯನ್ನು ಬಲಪಡಿಸುವ ಒಂದೇ ವ್ಯಾಯಾಮ ಮಾಡಿದ ತಂಡಗಳಲ್ಲಿ ತೊಡೆಸಂದಿನ ತೊಂದರೆಯ ಸಂಭವ ಶೇ. 41ರಷ್ಟು ಇಳಿಯಿತು. ಪಕ್ಕಕ್ಕೆ ಮಲಗಿ ಮೊಣಕೈ ಊರಿ, ಮೇಲಿನ ಕಾಲನ್ನು ಜೊತೆಗಾರನು ಹಿಡಿದಿರುವಾಗ, ಮೈಯನ್ನು ಎತ್ತಿ ಕೆಳಗಿನ ಕಾಲನ್ನು ಮೇಲಿನ ಕಾಲಿಗೆ ತಂದು ಸೇರಿಸಿ ನಿಧಾನವಾಗಿ ಇಳಿಸುವುದು ಆ ವ್ಯಾಯಾಮ. ಪಂದ್ಯಗಳ ಮುನ್ನಿನ ವಾರಗಳಲ್ಲಿ ವಾರಕ್ಕೆ ಎರಡು ಮೂರು ಬಾರಿ, ಪಂದ್ಯಗಳ ಕಾಲದಲ್ಲಿ ವಾರಕ್ಕೊಮ್ಮೆ ಮಾಡಿದರು. ಮೊದಲು ಕಷ್ಟವಾದರೆ ಜೊತೆಗಾರನು ಪಾದದ ಬದಲು ಮೊಣಕಾಲನ್ನು ಹಿಡಿಯಬಹುದು. ಇದಕ್ಕೆ ಬೇಕಾದದ್ದು ಒಬ್ಬ ಸಂಗಡಿಗ ಮತ್ತು ಐದು ನಿಮಿಷ. ಇದರೊಡನೆ, ನಮ್ಮ ನಿದರ್ಶನದ ತರುಣನಂತೆ ಆಟದ ದಿನಗಳನ್ನು ಒಮ್ಮೆಲೇ ಮೂರು ಪಟ್ಟು ಮಾಡದೆ, ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವಾಗಿ ಏರಿಸಿಕೊಂಡು ಹೋಗಬೇಕು.