ಹುತ್ತ ಕಟ್ಟುವ ಎಂಜಿನಿಯರುಗಳು

"ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು" ಎಂಬ ಗಾದೆಯನ್ನು ನಾವು ಅನ್ಯಾಯಕ್ಕೆ ಉದಾಹರಣೆಯಾಗಿ ಬಳಸುತ್ತೇವೆ. ಜೀವಶಾಸ್ತ್ರದಲ್ಲಿ ಇದೇ ಒಂದು ಪರಿಕಲ್ಪನೆ. ತನ್ನ ಕೆಲಸದಿಂದ ಮಣ್ಣು, ನೀರು, ನೆಲದ ಸ್ವರೂಪವನ್ನೇ ಬದಲಿಸಿ ಬೇರೆ ಜೀವಿಗಳಿಗೆ ನೆಲೆ ಒದಗಿಸುವ ಜೀವಿಯನ್ನು 'ಪರಿಸರ ವ್ಯವಸ್ಥೆಯ ಎಂಜಿನಿಯರ್' ಎನ್ನುತ್ತಾರೆ. ಜೋನ್ಸ್, ಲಾಟನ್ ಮತ್ತು ಶಾಚಕ್ 1994ರಲ್ಲಿ ಈ ಹೆಸರನ್ನು ಮುಂದಿಟ್ಟರು.

ಕಾಡುಗೋಡಿಯ ಸುತ್ತ ಖಾಲಿ ಜಾಗಗಳ ಕೆಮ್ಮಣ್ಣಿನಲ್ಲಿ ಹುತ್ತ ನೋಡದವರು ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಒಡಾಂಟೋಟರ್ಮಿಸ್ ಒಬೀಸಸ್ ಎಂಬ ಗೆದ್ದಲಿನ ಮೇಲೆ ಪ್ರಯೋಗ ನಡೆಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂಡದಲ್ಲಿ ಜೀವಶಾಸ್ತ್ರಜ್ಞೆ ರೆನೀ ಬೋರ್ಜಸ್ ಅವರ ಜೊತೆ ಸಿವಿಲ್ ಎಂಜಿನಿಯರ್ ತೇಜಸ್ ಮೂರ್ತಿಯವರೂ ಇದ್ದರು.

ಕೆಲಸಗಾರ ಗೆದ್ದಲು ಮಣ್ಣನ್ನು ತೇವದೊಂದಿಗೆ ಕಲಸಿ ಬಾಯಲ್ಲಿ ಪುಟ್ಟ ಉಂಡೆ ಮಾಡುತ್ತದೆ. ಇದೇ ಹುತ್ತದ ಇಟ್ಟಿಗೆ. ದೊಡ್ಡ ಕೆಲಸಗಾರರ ಉಂಡೆ ದೊಡ್ಡದು, ಚಿಕ್ಕವರದು ಚಿಕ್ಕದು. ಮಣ್ಣೇ ಬೇಕೆಂದಿಲ್ಲ, ಕಾಳುಕಾಳಾಗಿದ್ದು ನೀರಿನಲ್ಲಿ ನೆನೆಯುವ ಬೇರೆ ವಸ್ತುಗಳಿಂದಲೂ ಅವು ಉಂಡೆ ಕಟ್ಟಿದವು. ಆದರೆ ತಾನಾಗಿಯೇ ತೇವ ಎಳೆದುಕೊಳ್ಳುವ ವಸ್ತುಗಳನ್ನು ಬಳಸುವುದು ಅವುಗಳಿಗೆ ಸುಲಭವಾಗಿರಲಿಲ್ಲ. ಗೆದ್ದಲುಗಳು ಬೆರೆಸುವ ಸ್ರಾವ ಮಣ್ಣಿನ ಕಣಗಳನ್ನು ಸಿಮೆಂಟಿನಂತೆ ಬೆಸೆಯುವುದರಿಂದ ಹುತ್ತದ ಗಟ್ಟಿತನ ಬುಡದ ಮಣ್ಣಿಗಿಂತ ಹತ್ತುಪಟ್ಟಾಗುತ್ತದೆ.

ತೇವದ ಪ್ರಮಾಣ ಇಲ್ಲಿ ಮುಖ್ಯ. ಒಂದು ಹಿಡಿ ಜೇಡಿಮಣ್ಣನ್ನು ನೆನೆಸಿ ಅಂಗೈಯಲ್ಲಿ 3 ಮಿ.ಮೀ. ದಪ್ಪದ ದಾರದಂತೆ ಹೊಸೆದು ನೋಡಿ. ತೇವ ಕಡಿಮೆಯಿದ್ದರೆ ಅಷ್ಟು ತೆಳುವಾಗುವ ಮೊದಲೇ ಪುಡಿಯಾಗುತ್ತದೆ, ಹೆಚ್ಚಾದರೆ ಕೆಸರಾಗಿ ಹರಿಯುತ್ತದೆ. ಉಂಡೆ ಕಟ್ಟಲು ಬರುವುದು ಇವೆರಡರ ನಡುವೆ ಮಾತ್ರ.

ಈ ಕಟ್ಟಡದಿಂದ ಮಣ್ಣಿಗೆ ಏನಾಗುತ್ತದೆ? ಗೆದ್ದಲುಗಳು ಆಳದಿಂದ ಜೇಡಿಯನ್ನು ಮೇಲಕ್ಕೆ ತರುತ್ತವೆ. ಹುತ್ತ ಪಾಳುಬಿದ್ದ ಮೇಲೆ ಮಳೆಗೆ ಕರಗಿ ಆ ಜೇಡಿ ಸುತ್ತಲ ಮೇಲ್ಮಣ್ಣಿಗೆ ಸೇರುತ್ತದೆ. ಒಳಗೆ ಅವು ಬೆಳೆಸುವ ಶಿಲೀಂಧ್ರ ಮಳೆಗಾಲದಲ್ಲಿ ಹೊರಗೆ ಅಣಬೆಯಾಗಿ ಏಳುತ್ತದೆ. ಬರಿದಾದ ಪೊಳ್ಳುಗಳಲ್ಲಿ ಹಾವು, ಹಲ್ಲಿ ಸೇರಿಕೊಳ್ಳುತ್ತವೆ.

ಎರೆಹುಳು ಮಾಡುವುದು ಇನ್ನೊಂದು ಬಗೆ. ಅದು ಮಣ್ಣನ್ನು ನುಂಗಿ ಹಿಕ್ಕೆಯಾಗಿ ಬಿಡುತ್ತದೆ. ಅದರ ಬಿಲಗಳ ಮೂಲಕ ಗಾಳಿ, ಮಳೆನೀರು ಒಳಗಿಳಿಯುತ್ತವೆ. ಆದರೆ ಗೊಬ್ಬರದ ತೊಟ್ಟಿಯಲ್ಲಿ ಸಾಕುವ ಆಫ್ರಿಕಾ ಮೂಲದ ಯೂಡ್ರಿಲಸ್ ಹುಳು ಕಸದ ಪದರದಲ್ಲೇ ಬದುಕುವಂಥದ್ದು. ಅದನ್ನು ಒಣಹೊಲಕ್ಕೆ ಬಿಟ್ಟ ಮಾತ್ರಕ್ಕೆ ಆಳವಾದ ಬಿಲಗಳಾಗುವುದಿಲ್ಲ.

ಜೆಸಿಬಿ ಹುತ್ತದ ತಲೆ ಹಾರಿಸಿದ ಮಾತ್ರಕ್ಕೆ ಗೆದ್ದಲು ಹೋಗುವುದಿಲ್ಲ. ಗೂಡಿನ ಜೀವ ಒಳಗಿದೆ. ಒಡೆದ ಜಾಗದಲ್ಲಿ ಕೆಲವು ದಿನಗಳಲ್ಲಿ ಹೊಸ ಒದ್ದೆ ಉಂಡೆಗಳು ಕಂಡರೆ ಒಳಗೆ ಕೆಲಸ ಸಾಗಿದೆ ಎಂದರ್ಥ. ಕಾಣದಿದ್ದರೆ ಅದು ಬೇರೆಯವರ ಮನೆಯಾಗಿರಬಹುದು, ಕೈ ಹಾಕಬೇಡಿ!