ಎಣ್ಣೆ ಕ್ಯಾನಿನ ಚೀಟಿಯಲ್ಲಿ ಮೂರು ಬೆಲೆ

ರಾಮಕೃಷ್ಣನಗರದ ಸೂಪರ್ ಮಾರ್ಕೆಟ್ಟಿನಿಂದ ತಂಗಿ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಸೂರ್ಯಕಾಂತಿ ಎಣ್ಣೆಯ 5 ಲೀಟರ್ ಕ್ಯಾನು, ಅದರ ಕೆಳಗೆ ಶೆಲ್ಫಿಗೆ ಅಂಟಿಸಿದ ಬೆಲೆ ಚೀಟಿ. ಎಂಆರ್‌ಪಿ ₹925, ಆಫರ್ ₹799, ಕೆಂಪಕ್ಷರದಲ್ಲಿ ಸದಸ್ಯರಿಗೆ ₹749. ಮೂಲೆಯಲ್ಲಿ ಚಿಕ್ಕದಾಗಿ ಲೀಟರಿಗೆ ₹185. ನಾನು ನೋಡುವಷ್ಟರಲ್ಲಿ ಅವಳು ಬಿಲ್ ಮಾಡಿಸಿಯಾಗಿತ್ತು.

ಮೊದಲು ಆ 185 ನೋಡಿ. 925ನ್ನು 5ರಿಂದ ಭಾಗಿಸಿದರೆ ಬರುವುದು ಅದೇ. ಎಂದರೆ ಚೀಟಿಯಲ್ಲಿರುವುದು ಎಂಆರ್‌ಪಿ ಮೇಲಿನ ದರ, ನಾವು ಕೊಡುವ ದುಡ್ಡಿನ ಮೇಲಿನದ್ದಲ್ಲ. ₹799ಕ್ಕೆ ಲೀಟರಿಗೆ ₹159.80 ಬೀಳುತ್ತದೆ.

ಅದೇ ಫೋಟೋದಲ್ಲಿ, ಕೆಳಗಿನ ಸಾಲಿನಲ್ಲಿ, ಅದೇ ಕಂಪನಿಯ 850 ಮಿಲಿಲೀಟರ್ ಪಾಕೆಟ್ ಇದೆ: ಎಂಆರ್‌ಪಿ ₹157, ಅಂಗಡಿ ಬೆಲೆ ₹129, ಮಿಲಿಲೀಟರಿಗೆ ₹0.18. ಪೊಟ್ಟಣದ ಮೇಲೆ ಬಿಡಿ ಅಳತೆಯ ದರ ಹಾಕಬೇಕೆಂದು 2021ರಲ್ಲಿ ಕಾನೂನು ಮಾಪನ ನಿಯಮಕ್ಕೆ ತಿದ್ದುಪಡಿ ಬಂತು. ಲೀಟರಿಗಿಂತ ಕಡಿಮೆ ಇದ್ದರೆ ಮಿಲಿಲೀಟರಿಗೆ, ಹೆಚ್ಚಿದ್ದರೆ ಲೀಟರಿಗೆ. ದಶಮಾಂಶದ ನಂತರ ಎರಡೇ ಅಂಕಿ. ತೊಡಕು ಇರುವುದು ಇಲ್ಲೇ. 0.18 ಎಂದರೆ ಲೀಟರಿಗೆ 175ರಿಂದ 185ರವರೆಗೆ ಏನು ಬೇಕಾದರೂ ಆಗಬಹುದು. ಹತ್ತು ರೂಪಾಯಿ ವ್ಯತ್ಯಾಸ ಅದರೊಳಗೆ ಅಡಗಿ ಕೂರುತ್ತದೆ. ಹಾಗಾಗಿ ಫೋನಿನ ಕ್ಯಾಲ್ಕುಲೇಟರ್ ತೆಗೆದು 129ನ್ನು 850ರಿಂದ ಭಾಗಿಸಿ 1000ದಿಂದ ಗುಣಿಸಬೇಕು: ₹151.76. ಕ್ಯಾನಿಗಿಂತ ಲೀಟರಿಗೆ ಎಂಟು ರೂಪಾಯಿ ಅಗ್ಗ! ದೊಡ್ಡದು ತಗೊಂಡರೆ ಉಳಿತಾಯ ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ.

"ಆದ್ರೆ ನಂಗೆ ಕಾರ್ಡ್ ಇದೆಯಲ್ಲಕ್ಕಾ" ಅಂದಳು. ಫೋಟೋ ಹಿಗ್ಗಿಸಿ ನಕ್ಷತ್ರ ಚಿಹ್ನೆಯ ಕೆಳಗಿನ ಸಾಲು ಓದಿದೆ. ಬಿಲ್ ಕನಿಷ್ಠ ₹1,999 ಆಗಬೇಕು. ಅಕ್ಕಿ, ಸಕ್ಕರೆ, ಅಡುಗೆ ಎಣ್ಣೆ ಆ ಲೆಕ್ಕಕ್ಕಿಲ್ಲ. ₹50 ರಿಯಾಯಿತಿ ಪಾಯಿಂಟ್ ರೂಪದಲ್ಲಿ. 30 ದಿನದೊಳಗೆ ಬಳಸಬೇಕು. ಅಂದರೆ ಕೌಂಟರಿನಲ್ಲಿ ಎಲ್ಲರೂ ಕೊಡುವುದು ₹799. ₹749 ಎಂಬ ಬೆಲೆಗೆ ಆ ದಿನ ಯಾರಿಗೂ ಎಣ್ಣೆ ಸಿಗುವುದಿಲ್ಲ. ಅದನ್ನು ಕೆಂಪಕ್ಷರದಲ್ಲಿ ಬೆಲೆಯೆಂದು ಬರೆಯುವುದೇ ತಪ್ಪು.

ಅವಳ ಬಿಲ್ ₹2,310 ಆಗಿತ್ತು. ಎಣ್ಣೆಯ 799 ಕಳೆದರೆ 1,511. "ಇನ್ನು 488 ರೂಪಾಯಿಗೆ ಏನಾದ್ರೂ ತಗೊಳ್ಳಿ ಮೇಡಂ, ಪಾಯಿಂಟ್ ಬರುತ್ತೆ" ಎಂದನಂತೆ ಕ್ಯಾಷಿಯರ್. ದ್ರಾಕ್ಷಿ, ಗೋಡಂಬಿ, ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿ ₹510 ಹೆಚ್ಚಾಯಿತು.

ಆ 50 ಪಾಯಿಂಟನ್ನು ಪೂರ್ತಿ ಬಳಸಿಕೊಂಡರೂ ಕ್ಯಾನು ಲೀಟರಿಗೆ ₹149.80. ಪಾಕೆಟ್ಟಿಗಿಂತ ಲೀಟರಿಗೆ ಎರಡು ರೂಪಾಯಿ, ಐದು ಲೀಟರಿಗೆ ಹತ್ತು ರೂಪಾಯಿ ಕಡಿಮೆ. ಅಷ್ಟಕ್ಕಾಗಿ ಪಟ್ಟಿಯಲ್ಲೇ ಇಲ್ಲದ ₹510ರ ಸಾಮಾನು ಮನೆಗೆ ಬಂತು. ಪಾಯಿಂಟ್ ಕೊಡುವ ಕಾರ್ಡುಗಳನ್ನು ನಾನು ನಂಬದಿರುವುದು ಇದಕ್ಕೇ. ಬಿಲ್ಲಿನಲ್ಲೇ ಇಳಿಯುವ ರಿಯಾಯಿತಿ ಇದ್ದರೆ ತಗೊಳ್ಳಿ. ಬಿಲ್ ಹಾಕುವ ಮುಂಚೆಯೇ "ಇದು ಈಗಲೇ ಕಡಿಮೆ ಆಗುತ್ತಾ, ಪಾಯಿಂಟಾ?" ಎಂದು ಕೇಳಿ. ಪಾಯಿಂಟು ಅಂದರೆ ಅಂಗಡಿ ಬೆಲೆಯಲ್ಲೇ ಲೆಕ್ಕ ಹಾಕಿ, ಕೆಳಗಿನ ಸಾಲಿನ ಪಾಕೆಟ್ ಎತ್ತಿಕೊಳ್ಳಿ.